ಮನೆ ವ್ಯಾಪಾರಕ್ಕೆ ಪೇಮೆಂಟ್ ಲಿಂಕ್: ವಾಟ್ಸಾಪ್‌ನಲ್ಲಿ ಕಳಿಸುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಮನೆಯಲ್ಲೇ ಚಕ್ಕುಲಿ, ಕೋಡುಬಳೆ, ಸಾರಿನ ಪುಡಿ ಮಾಡಿ ವಾಟ್ಸಾಪ್‌ನಲ್ಲಿ ಆರ್ಡರ್ ತಗೊಳ್ಳುವವರಿಗಾಗಿ ಇದನ್ನು ಬರೆದಿದ್ದೇನೆ. ಕುವೆಂಪುನಗರ, ಸರಸ್ವತಿಪುರಂನ ಅಕ್ಕಪಕ್ಕದ ಮನೆಗಳಿಗೆ ಕೊಡುವವರೆಗೆ ಹಣದ ಲೆಕ್ಕ ಸುಲಭ. ದಸರಾ, ದೀಪಾವಳಿ ಹತ್ತಿರ ಬಂದು, ಮುಖ ನೋಡದವರ ಆರ್ಡರ್ ಬೆಂಗಳೂರಿನಿಂದ ಬರಲು ಶುರುವಾದಾಗ ಪ್ರಶ್ನೆಗಳೂ ಶುರುವಾಗುತ್ತವೆ. ಉದಾಹರಣೆಗಳು ತಿಂಡಿಯವು. ಸೀರೆಗೆ ಕುಚ್ಚು ಹಾಕುವವರಿಗೂ, ಬ್ಲೌಸ್ ಹೊಲಿಯುವವರಿಗೂ ದಾರಿ ಇದೇ.

ನನ್ನ ಹತ್ತಿರ ಕ್ಯೂಆರ್ ಇದೆ, ಫೋನ್‌ಪೇ ನಂಬರ್ ಇದೆ. ಲಿಂಕ್ ಯಾಕೆ ಬೇಕು?

ಎಲ್ಲರಿಗೂ ಬೇಕಿಲ್ಲ. ಮೊದಲೇ ಹೇಳಿಬಿಡುತ್ತೇನೆ: ದಿನಕ್ಕೆ ಎರಡು ಮೂರು ಆರ್ಡರ್, ಎಲ್ಲರೂ ಪರಿಚಯದವರು, ಮನೆ ಬಾಗಿಲಿಗೇ ಬಂದು ತಗೊಂಡು ಹೋಗುತ್ತಾರೆ ಅಂದರೆ ಕ್ಯೂಆರ್ ಸಾಕು. ಅದಕ್ಕೆ ಖರ್ಚೂ ಇಲ್ಲ.

ತೊಂದರೆ ಬರುವುದು ಒಂದೇ ದಿನ ಹದಿನೈದು ಇಪ್ಪತ್ತು ಆರ್ಡರ್ ಬಂದಾಗ. ನಂಬರ್ ಕೊಟ್ಟಿದ್ದೀರಿ. ಸಂಜೆಗೆ ಎರಡು ಕಡೆಯಿಂದ ₹650 ಬಂದಿದೆ. ಆರ್ಡರ್ ಕೊಟ್ಟವರು ಹೆಂಡತಿ, ಹಣ ಕಳಿಸಿದ್ದು ಗಂಡನ ಫೋನಿನಿಂದ. ಇನ್ನೊಬ್ಬರು ಕೊರಿಯರ್ ಖರ್ಚು ಬಿಟ್ಟು ಕಳಿಸಿದ್ದಾರೆ. ಯಾವ ಹಣ ಯಾವ ಡಬ್ಬಕ್ಕೆ ಅಂತ ಹುಡುಕುವುದರಲ್ಲೇ ರಾತ್ರಿ ಆಗುತ್ತದೆ.

ಪೇಮೆಂಟ್ ಲಿಂಕ್ ಅಂದರೆ ಒಂದು ಆರ್ಡರ್‌ಗಾಗಿ ಮಾಡಿದ ವೆಬ್ ವಿಳಾಸ. ಅದರೊಳಗೆ ಮೊತ್ತ, ಆರ್ಡರ್ ನಂಬರ್, ಏನೇನು ತಗೊಂಡಿದ್ದಾರೆ ಅನ್ನುವುದು ಮೊದಲೇ ಇರುತ್ತದೆ. ಯಾರ ಫೋನಿನಿಂದ ಕಟ್ಟಿದರೂ ಹಣ ಆ ಆರ್ಡರ್ ಹೆಸರಿಗೇ ಬಂದು ಕೂರುತ್ತದೆ. ಗ್ರಾಹಕರು ಮೊತ್ತ ಬದಲಾಯಿಸಲು ಆಗುವುದಿಲ್ಲ. ಲಿಂಕ್‌ನಿಂದ ಸಿಗುವ ದೊಡ್ಡ ಲಾಭ ಈ ಹೊಂದಾಣಿಕೆ. ಕಾರ್ಡ್, ನೆಟ್ ಬ್ಯಾಂಕಿಂಗ್‌ನಲ್ಲೂ ಕಟ್ಟಬಹುದು ಅನ್ನುವುದು ಅದರ ಮೇಲಿನದು.

ಲಿಂಕ್ ಕೊಡುವವರು ಯಾರು? ಅಂಗಡಿ ಇಲ್ಲ, ಜಿಎಸ್‌ಟಿ ಇಲ್ಲ, ನನಗೆ ಕೊಡ್ತಾರಾ?

ಪೇಮೆಂಟ್ ಗೇಟ್‌ವೇ ಕಂಪನಿಗಳು ಕೊಡುತ್ತವೆ. ರೇಜರ್‌ಪೇ, ಕ್ಯಾಶ್‌ಫ್ರೀ, ಪೇಯು ಅಂಥವು. ಗ್ರಾಹಕರ ಹಣ ಮೊದಲು ಕಂಪನಿಗೆ ಹೋಗಿ, ಅಲ್ಲಿಂದ ನಿಮ್ಮ ಬ್ಯಾಂಕಿಗೆ ಬರುತ್ತದೆ. ಬೇರೆಯವರ ಹಣ ಹಿಡಿದುಕೊಳ್ಳುವ ಕೆಲಸ ಆದ್ದರಿಂದ ಇವು ರಿಸರ್ವ್ ಬ್ಯಾಂಕ್ ನಿಯಮದ ಕೆಳಗೆ ಬರುತ್ತವೆ. ನಿಮ್ಮ ದಾಖಲೆ ಕೇಳುವುದೂ ಅದಕ್ಕೇ.

ನೋಂದಣಿ ಇಲ್ಲದ ಒಬ್ಬರ ವ್ಯಾಪಾರಕ್ಕೂ ಅಕೌಂಟ್ ಕೊಡುವ ಕಂಪನಿಗಳಿವೆ. ಪ್ಯಾನ್ ಕಾರ್ಡ್, ಆಧಾರ್, ನಿಮ್ಮ ಹೆಸರಿನ ಬ್ಯಾಂಕ್ ಖಾತೆ, ಫೋನ್ ನಂಬರ್, ಇಮೇಲ್ ಸಿದ್ಧ ಇಟ್ಟುಕೊಳ್ಳಿ. ಏನು ಮಾರುತ್ತೀರಿ, ಎಲ್ಲಿ ಮಾರುತ್ತೀರಿ ಅಂತ ಕೇಳುತ್ತಾರೆ. ವೆಬ್‌ಸೈಟ್ ಇಲ್ಲದಿದ್ದರೆ ಕೆಲವರು ಇನ್‌ಸ್ಟಾಗ್ರಾಂ ಪೇಜ್ ನೋಡುತ್ತಾರೆ. ತಿಂಡಿ ಮಾಡುವವರು ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಂಡಿರಬೇಕು. ಇದು ಗೇಟ್‌ವೇ ಕೇಳಲಿ ಬಿಡಲಿ, ಕಾನೂನಿಗೇ ಬೇಕಾದದ್ದು.

ಅರ್ಜಿ ನಿಲ್ಲುವುದು ಹೆಚ್ಚಾಗಿ ಹೆಸರಿನ ಕಾರಣಕ್ಕೆ. ಪ್ಯಾನ್‌ನಲ್ಲಿ ತಂದೆ ಹೆಸರು ಸೇರಿದೆ, ಬ್ಯಾಂಕಿನಲ್ಲಿ ಗಂಡನ ಹೆಸರು ಸೇರಿದೆ, ಆಧಾರ್‌ನಲ್ಲಿ ಬರೀ ಇನಿಷಿಯಲ್. ಮದುವೆಯಾದ ಮೇಲೆ ನಮ್ಮ ಕಡೆ ಇದು ಮಾಮೂಲು, ಅಲ್ವಾ? ಅರ್ಜಿ ಹಾಕುವ ಮುಂಚೆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಇದ್ದರೆ ಬ್ಯಾಂಕಿನಲ್ಲಿ ಸರಿ ಮಾಡಿಸಿಕೊಂಡು ಬನ್ನಿ. ಮಗನ ಹೆಸರಲ್ಲಿ ಅಕೌಂಟ್ ತೆರೆದು ಅಮ್ಮ ವ್ಯಾಪಾರ ಮಾಡುವುದು ಬೇಡ. ತೆರಿಗೆ ಲೆಕ್ಕದಲ್ಲಿ ಆ ಹಣ ಮಗನ ಆದಾಯ ಅಂತ ಕಾಣುತ್ತದೆ.

ಹಬ್ಬದ ಹಿಂದಿನ ವಾರ ಶುರು ಮಾಡಬೇಡಿ. ಪರಿಶೀಲನೆಗೆ ಎಷ್ಟು ದಿನ ಹಿಡಿಯುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ.

ಒಂದು ಆರ್ಡರ್‌ಗೆ ಲಿಂಕ್ ಮಾಡುವುದನ್ನು ಮೊದಲಿಂದ ಕೊನೆವರೆಗೆ ಹೇಳಿ.

ಒಂದು ಆರ್ಡರ್ ಇಟ್ಟುಕೊಂಡೇ ನೋಡೋಣ. ಬೆಂಗಳೂರಿನ ಮಲ್ಲೇಶ್ವರದಿಂದ ಒಬ್ಬರು ಬುಧವಾರ ಸಂಜೆ ಮೆಸೇಜ್ ಹಾಕಿದ್ದಾರೆ. ಒಂದು ಕೆಜಿ ಚಕ್ಕುಲಿ ₹480, ಅರ್ಧ ಕೆಜಿ ಕೋಡುಬಳೆ ₹260, ಅರ್ಧ ಕೆಜಿ ಸಾರಿನ ಪುಡಿ ₹340, ಕೊರಿಯರ್ ₹120. ಒಟ್ಟು ₹1,200. ನಿಮ್ಮ ಪುಸ್ತಕದಲ್ಲಿ ಇದು 118ನೇ ಆರ್ಡರ್.

ಲಿಂಕ್ ಮಾಡುವ ಮುಂಚೆ ಈ ಲೆಕ್ಕವನ್ನು ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, "ಸರಿ" ಅನ್ನಿಸಿಕೊಳ್ಳಿ. ಲಿಂಕ್ ಮಾಡಿದ ಮೇಲೆ "ಕೋಡುಬಳೆ ಒಂದು ಕೆಜಿ ಮಾಡಿ" ಅಂದರೆ ಮತ್ತೆ ಮೊದಲಿಂದ ಮಾಡಬೇಕಾಗುತ್ತದೆ.

ಈಗ ಫೋನಿನಲ್ಲಿ ಗೇಟ್‌ವೇ ಆ್ಯಪ್ ತೆರೆಯಿರಿ. Payment Links ಅನ್ನುವ ಜಾಗದಲ್ಲಿ Create Payment Link ಒತ್ತಿ. ಬಟನ್‌ಗಳ ಹೆಸರು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ, ತುಂಬುವ ವಿಷಯ ಹೆಚ್ಚುಕಮ್ಮಿ ಒಂದೇ. ಮೊತ್ತ 1200. ವಿವರಣೆಯ ಜಾಗದಲ್ಲಿ "ಚಕ್ಕುಲಿ 1 ಕೆಜಿ, ಕೋಡುಬಳೆ ½ ಕೆಜಿ, ಸಾರಿನ ಪುಡಿ ½ ಕೆಜಿ, ಕೊರಿಯರ್ ಸೇರಿ" ಅಂತ ಪೂರ್ತಿ ಬರೆಯಿರಿ. "ತಿಂಡಿ" ಅಂತ ಒಂದೇ ಪದ ಬರೆದರೆ ಜಗಳ ಬಂದಾಗ ಅದು ಯಾವ ಸಾಕ್ಷಿಯೂ ಆಗುವುದಿಲ್ಲ. Reference ID ಕೇಳಿದ ಕಡೆ 118 ಹಾಕಿ. ಒಂದು ಸಲ ಕೊಟ್ಟ ನಂಬರನ್ನು ಇನ್ನೊಂದು ಲಿಂಕಿಗೆ ಕೊಡಬೇಡಿ. ಗ್ರಾಹಕರ ಫೋನ್ ನಂಬರ್ ಹಾಕಿದರೆ ಕಂಪನಿಯೇ ಅವರಿಗೆ ಎಸ್‌ಎಂಎಸ್ ಕಳಿಸಬಹುದು. ಹಾಗೆ ಮಾಡಿದರೆ ಅವರಿಗೆ ಮೊದಲೇ ತಿಳಿಸಿ. ಇಲ್ಲದಿದ್ದರೆ ಎರಡೆರಡು ಲಿಂಕ್ ನೋಡಿ ಗಾಬರಿ ಆಗುತ್ತಾರೆ.

ಕೊನೆಗೆ Expiry, ಅಂದರೆ ಲಿಂಕ್ ಎಷ್ಟು ಹೊತ್ತು ಬದುಕಿರಬೇಕು ಅನ್ನುವುದು. ಬಹಳ ಜನ ಇದನ್ನು ಖಾಲಿ ಬಿಡುತ್ತಾರೆ. ನನ್ನ ಪ್ರಕಾರ ತಿಂಡಿ ವ್ಯಾಪಾರಕ್ಕೆ ಎಲ್ಲಕ್ಕಿಂತ ಉಪಯೋಗದ ಜಾಗ ಇದು. ನೀವು ಶುಕ್ರವಾರ ಬೆಳಿಗ್ಗೆ ಎಣ್ಣೆ ಇಡುವವರು. ಹಾಗಾದರೆ ಗುರುವಾರ ರಾತ್ರಿ 8ಕ್ಕೆ ಲಿಂಕ್ ಮುಗಿಯುವ ಹಾಗೆ ಇಡಿ. ಅಷ್ಟರೊಳಗೆ ಕಟ್ಟಿದವರ ಲೆಕ್ಕ ನೋಡಿಕೊಂಡು ಹಿಟ್ಟು ಕಲಸಬಹುದು. ಖಾಲಿ ಬಿಟ್ಟ ಲಿಂಕನ್ನು ಯಾರೋ ಮೂರು ವಾರ ಆದಮೇಲೆ, ಹಬ್ಬ ಮುಗಿದು ಬೆಣ್ಣೆ ರೇಟ್ ಏರಿದ ಮೇಲೆ, ಹಳೆ ರೇಟಿಗೇ ಕಟ್ಟಿ "ಕಳಿಸಿ" ಅನ್ನುತ್ತಾರೆ.

ಎಲ್ಲ ತುಂಬಿ ಒತ್ತಿದ ಕೂಡಲೇ ಚಿಕ್ಕ ವಿಳಾಸ ಒಂದು ಸಿಗುತ್ತದೆ. ಅದನ್ನು ಕಾಪಿ ಮಾಡಿ, ಅಥವಾ ಅಲ್ಲಿಂದಲೇ ವಾಟ್ಸಾಪ್‌ಗೆ ಷೇರ್ ಮಾಡಿ. ಕಳಿಸುವ ಮುಂಚೆ ನೀವೇ ಒಮ್ಮೆ ತೆರೆದು ಮೊತ್ತ ನೋಡಿ. 1200 ಬದಲು 12000 ಒತ್ತಿರುವುದು ಅಲ್ಲಿ ಗೊತ್ತಾಗುತ್ತದೆ.

ಬರೀ ಲಿಂಕ್ ಕಳಿಸಿದರೆ ಸಾಲದಾ? ಜೊತೆಗೆ ಏನು ಬರೆಯಬೇಕು?

ಸಾಲದು. ಮೋಸದ ಲಿಂಕ್‌ಗಳ ಬಗ್ಗೆ ಕೇಳಿ ಕೇಳಿ ಜನ ಹೆದರಿದ್ದಾರೆ. ಹೆದರಬೇಕಾದದ್ದೇ. ಆದ್ದರಿಂದ ಲಿಂಕ್ ನಿಮ್ಮದೇ ಅಂತ ಅವರಿಗೆ ಗೊತ್ತಾಗುವ ಹಾಗೆ ಬರೆಯಿರಿ. ಆರ್ಡರ್ ಬಗ್ಗೆ ನಿಮಗೂ ಅವರಿಗೂ ಮಾತ್ರ ಗೊತ್ತಿರುವ ವಿವರ ಅದರಲ್ಲಿ ಇರಲಿ. ಹೀಗೆ:

> ನಮಸ್ಕಾರ ಮೇಡಂ. ನಿಮ್ಮ ಆರ್ಡರ್ 118: ಚಕ್ಕುಲಿ 1 ಕೆಜಿ, ಕೋಡುಬಳೆ ½ ಕೆಜಿ, ಸಾರಿನ ಪುಡಿ ½ ಕೆಜಿ. ಕೊರಿಯರ್ ಸೇರಿ ₹1,200. ಹಣ ಕಟ್ಟಲು ಕೆಳಗಿನ ಲಿಂಕ್ ಒತ್ತಿ. ತೆರೆದಾಗ ನಮ್ಮ ಹೆಸರು ಮತ್ತು ₹1,200 ಕಾಣಬೇಕು. ಬೇರೆ ಏನಾದರೂ ಕಂಡರೆ ಕಟ್ಟಬೇಡಿ, ನನಗೆ ಫೋನ್ ಮಾಡಿ. ಗುರುವಾರ ರಾತ್ರಿ 8ರವರೆಗೆ ಲಿಂಕ್ ಇರುತ್ತದೆ. ಶನಿವಾರ ಪಾರ್ಸೆಲ್ ಕಳಿಸುತ್ತೇನೆ.

ಲಿಂಕ್ ಕೊನೆಯ ಸಾಲಿನಲ್ಲಿ ಒಂಟಿಯಾಗಿ ಇರಲಿ. ವಿಳಾಸಕ್ಕೆ ಅಂಟಿಕೊಂಡಂತೆ ಪದವನ್ನೋ ಚಿಹ್ನೆಯನ್ನೋ ಹಾಕಿದರೆ ಅದೂ ವಿಳಾಸದ ಒಳಗೆ ಸೇರಿ, ಒತ್ತಿದಾಗ ತಪ್ಪು ಪುಟ ಬರಬಹುದು.

ವಾಟ್ಸಾಪ್ ಬಿಸಿನೆಸ್ ಆ್ಯಪ್ ಇದ್ದರೆ ಈ ಮೆಸೇಜನ್ನು Quick replies ಒಳಗೆ ಇಟ್ಟುಕೊಳ್ಳಿ. ಚಾಟ್‌ನಲ್ಲಿ `/` ಒತ್ತಿ ನೀವು ಕೊಟ್ಟ ಚಿಕ್ಕ ಹೆಸರು ಬರೆದರೆ ಪೂರ್ತಿ ಮೆಸೇಜ್ ಬರುತ್ತದೆ. ಆರ್ಡರ್ ವಿವರ ಮತ್ತು ಲಿಂಕ್ ಮಾತ್ರ ಬದಲಾಯಿಸಿದರೆ ಆಯಿತು. ಹಳೆ ಲಿಂಕನ್ನು ಮಾತ್ರ ಅದರೊಳಗೆ ಬಿಡಬೇಡಿ. ಒಬ್ಬರ ಲಿಂಕ್ ಇನ್ನೊಬ್ಬರಿಗೆ ಹೋಗುವುದು ಹೀಗೇ.

"ಲಿಂಕ್ ಓಪನ್ ಆಗ್ತಿಲ್ಲ" ಅಂತಾರೆ. ಏನು ಮಾಡಲಿ?

ಮೊದಲು, ಅವರ ಫೋನಿನಲ್ಲಿ ನಿಮ್ಮ ನಂಬರ್ ಸೇವ್ ಆಗಿದೆಯಾ ಕೇಳಿ. ಪರಿಚಯವಿಲ್ಲದ ನಂಬರಿನಿಂದ ಬಂದ ಲಿಂಕನ್ನು ವಾಟ್ಸಾಪ್ ಒತ್ತಲು ಬಿಡದೇ ಇರಬಹುದು. ನಂಬರ್ ಸೇವ್ ಮಾಡಿದರೆ, ಅಥವಾ ಅವರು ಒಂದು ಉತ್ತರ ಕೊಟ್ಟರೆ ಸರಿಹೋಗುತ್ತದೆ.

ಪುಟ ತೆರೆಯುತ್ತದೆ, ಆದರೆ ಯುಪಿಐ ಆ್ಯಪ್‌ಗೆ ಹೋಗುವುದಿಲ್ಲ ಅಂದರೆ ಲಿಂಕ್ ಕಾಪಿ ಮಾಡಿ ಕ್ರೋಮ್‌ನಲ್ಲಿ ಹಾಕಲು ಹೇಳಿ. ಕಂಪ್ಯೂಟರ್‌ನಲ್ಲಿ ತೆರೆದವರಿಗೆ ಪುಟದ ಮೇಲೆ ಕ್ಯೂಆರ್ ಕಾಣುತ್ತದೆ. ಅದನ್ನು ಫೋನಿನಿಂದ ಸ್ಕ್ಯಾನ್ ಮಾಡಿದರೆ ಆಯಿತು.

ಅವಧಿ ಮುಗಿದಿದೆ ಅಂತ ಬಂದರೆ ಹೊಸ ಲಿಂಕ್ ಕಳಿಸಿ. ಹಾಗೆ ಕಳಿಸುವ ಮುಂಚೆ ಆ ದಿನದ ಹಿಟ್ಟಿನಲ್ಲಿ ಜಾಗ ಇದೆಯಾ ನೋಡಿಕೊಳ್ಳಿ.

ಸ್ಕ್ರೀನ್‌ಶಾಟ್ ಕಳಿಸಿದ್ದಾರೆ. ಪಾರ್ಸೆಲ್ ಕಳಿಸಬಹುದಾ?

ಸ್ಕ್ರೀನ್‌ಶಾಟ್ ನೋಡಿ ಡಬ್ಬ ಕಟ್ಟಬೇಡಿ. ಹಸಿರು ಟಿಕ್, ಮೊತ್ತ, ಟೈಮ್ ಎಲ್ಲ ಇರುವ ಸುಳ್ಳು ಚಿತ್ರ ಮಾಡುವುದು ಈಗ ಮಕ್ಕಳಾಟ. ಗ್ರಾಹಕರು ಒಳ್ಳೆಯವರೇ ಇರಬಹುದು, ಆದರೂ ಅವರ ಫೋನಿನಲ್ಲಿ "ಪ್ರೊಸೆಸಿಂಗ್" ಅಂತ ಇದ್ದದ್ದನ್ನೇ ಕಳಿಸಿರಬಹುದು.

ನೋಡಬೇಕಾದದ್ದು ನಿಮ್ಮ ಗೇಟ್‌ವೇ ಆ್ಯಪ್. 118ರ ಮುಂದೆ Paid ಅಂತ ಬಂದಿರಬೇಕು. ಬಂದಿಲ್ಲ ಅಂದರೆ ನಿಮ್ಮ ಮಟ್ಟಿಗೆ ಹಣ ಬಂದಿಲ್ಲ. ಅದನ್ನು ಮುಖ ಕೆಡಿಸದೆ ಹೇಳುವುದೂ ಸುಲಭ: "ಮೇಡಂ, ನಮ್ಮ ಕಡೆ ಇನ್ನೂ ತೋರಿಸುತ್ತಿಲ್ಲ. ಬಂದ ತಕ್ಷಣ ನಾನೇ ಮೆಸೇಜ್ ಹಾಕುತ್ತೇನೆ."

Paid ಬಂದ ಮೇಲೆ ವಾಟ್ಸಾಪ್ ಬಿಸಿನೆಸ್‌ನ ಲೇಬಲ್ ಬದಲಾಯಿಸಿ. ಅದರಲ್ಲಿ Pending payment, Paid ಅನ್ನುವ ಲೇಬಲ್‌ಗಳು ಮೊದಲೇ ಇರುತ್ತವೆ. ಲಿಂಕ್ ಕಳಿಸಿದಾಗ ಒಂದು, ಹಣ ಬಂದಾಗ ಇನ್ನೊಂದು. ನೆನಪಿಡಿ, ಲೇಬಲ್ ತಾನಾಗಿ ಬದಲಾಗುವುದಿಲ್ಲ. ಅದು ನಿಮ್ಮ ಗುರುತು ಅಷ್ಟೇ. ಗೇಟ್‌ವೇ ಆ್ಯಪ್ ನೋಡದೆ ಲೇಬಲ್ ಹಾಕಿದರೆ ಸ್ಕ್ರೀನ್‌ಶಾಟ್ ನಂಬಿದಷ್ಟೇ ಆಯಿತು.

"ನನ್ನ ಅಕೌಂಟಿನಿಂದ ಕಟ್ ಆಗಿದೆ" ಅಂತಾರೆ. ನಮ್ಮಲ್ಲಿ Paid ಇಲ್ಲ. ಯಾರು ಸರಿ?

ಇಬ್ಬರೂ ಸರಿ ಇರಬಹುದು. ಅವರ ಬ್ಯಾಂಕಿನಿಂದ ಹಣ ಹೊರಟಿದೆ, ಆದರೆ "ಆಯಿತು" ಅನ್ನುವ ಸುದ್ದಿ ಗೇಟ್‌ವೇಗೆ ತಲುಪಿಲ್ಲ. ಸಂಜೆ ಹೊತ್ತು, ಹಬ್ಬದ ದಿನ ಬ್ಯಾಂಕ್ ಸರ್ವರ್ ನಿಧಾನ ಆದಾಗ ಇದು ಜಾಸ್ತಿ.

ಅವಸರದಲ್ಲಿ ಅವರು ಮತ್ತೊಮ್ಮೆ ಕಟ್ಟುವುದು ಬೇಡ. ಸ್ವಲ್ಪ ಹೊತ್ತು ಕಾಯಲು ಹೇಳಿ. ತಡವಾಗಿ ಸುದ್ದಿ ಬಂದು Paid ಆಗುವುದೂ ಉಂಟು. ಆಗದಿದ್ದರೆ ಅವರ ಯುಪಿಐ ಆ್ಯಪ್‌ನಲ್ಲಿ ಆ ವ್ಯವಹಾರ ತೆರೆದು ಹನ್ನೆರಡು ಅಂಕಿಯ ಯುಟಿಆರ್ ನಂಬರ್ ಕಳಿಸಲು ಹೇಳಿ. ಚಿತ್ರ ಬೇಡ, ನಂಬರನ್ನೇ ಟೈಪ್ ಮಾಡಿ ಕಳಿಸಲಿ. ಅದನ್ನು ಗೇಟ್‌ವೇ ಕಂಪನಿಗೆ ಕೊಟ್ಟರೆ ಹಣ ಎಲ್ಲಿದೆ ಅಂತ ಅವರು ಹುಡುಕಬಲ್ಲರು.

ವ್ಯಾಪಾರಿಗೆ ಕಟ್ಟಿದ ಯುಪಿಐ ಹಣ ಕಟ್ ಆಗಿ, ವ್ಯಾಪಾರಿ ಕಡೆ ಖಾತ್ರಿ ಸಿಗದಿದ್ದರೆ, ವ್ಯವಹಾರ ನಡೆದ ದಿನ ಬಿಟ್ಟು ಐದು ದಿನದೊಳಗೆ ತಾನಾಗಿ ವಾಪಸ್ ಆಗಬೇಕು. ಇದು ರಿಸರ್ವ್ ಬ್ಯಾಂಕ್ 2019ರಲ್ಲಿ ಮಾಡಿದ ನಿಯಮ. ತಡವಾದರೆ ದಿನಕ್ಕೆ ₹100 ಪರಿಹಾರ ಕೊಡಬೇಕು ಅಂತಲೂ ಅದರಲ್ಲಿದೆ. ಇದನ್ನು ಗ್ರಾಹಕರಿಗೆ ಹೇಳಿದರೆ ಅರ್ಧ ಸಿಟ್ಟು ಇಳಿಯುತ್ತದೆ. ನಿಮ್ಮ ಕೈಗೆ ಬಾರದ ಹಣವನ್ನು ನಿಮ್ಮ ಜೇಬಿನಿಂದ ವಾಪಸ್ ಕೊಡಲು ಹೋಗಬೇಡಿ. ಬ್ಯಾಂಕಿನಿಂದಲೂ ವಾಪಸ್ ಬಂದರೆ ಅವರಿಗೆ ಎರಡು ಸಲ ಸಿಕ್ಕಿದ ಹಾಗೆ.

ಕಮಿಷನ್ ಎಷ್ಟು? ಪಾಸ್‌ಬುಕ್‌ನಲ್ಲಿ ₹1,200 ಕಾಣ್ತಾನೇ ಇಲ್ಲ.

ಎರಡೂ ಒಂದೇ ಪ್ರಶ್ನೆ. ಗೇಟ್‌ವೇಗಳು ಸಾಮಾನ್ಯವಾಗಿ ನೂರಕ್ಕೆ ಎರಡು ರೂಪಾಯಿ ಆಸುಪಾಸು ಹಿಡಿದುಕೊಳ್ಳುತ್ತವೆ. ಆ ಶುಲ್ಕದ ಮೇಲೆ 18% ಜಿಎಸ್‌ಟಿ. ₹1,200ಕ್ಕೆ 2% ಅಂದರೆ ₹24. ಅದರ ಮೇಲೆ ಜಿಎಸ್‌ಟಿ ₹4.32. ನಿಮಗೆ ಸಿಗುವುದು ₹1,171.68. ಯುಪಿಐಗೆ ಬೇರೆ ದರ, ಕ್ರೆಡಿಟ್ ಕಾರ್ಡಿಗೆ ಬೇರೆ ದರ ಇರುವ ಕಂಪನಿಗಳೂ ಇವೆ. ಅಕೌಂಟ್ ತೆರೆಯುವ ಮುಂಚೆ ಅವರ ದರದ ಪುಟ ಓದಿ.

"ಯುಪಿಐಗೆ ಚಾರ್ಜ್ ಇಲ್ಲ ಅಂತಾರಲ್ಲ?" ಅಂತ ಕೇಳಬಹುದು. 2020ರ ಜನವರಿಯಿಂದ ಯುಪಿಐ ಮೇಲೆ ವ್ಯಾಪಾರಿಯಿಂದ ಬ್ಯಾಂಕುಗಳು ಎಂಡಿಆರ್ ಅನ್ನುವ ಶುಲ್ಕ ತಗೊಳ್ಳುವಂತಿಲ್ಲ, ನಿಜ. ಗೇಟ್‌ವೇ ಕೇಳುವುದು ಲಿಂಕ್, ಲೆಕ್ಕದ ಪುಟ, ರಿಫಂಡ್ ಅಂತ ತಾನು ಕೊಡುವ ಸೇವೆಯ ಹಣ.

ಇನ್ನು ಪಾಸ್‌ಬುಕ್. ಹಣ ಕಟ್ಟಿದ ದಿನವೇ ಬರುವುದಿಲ್ಲ. ಎರಡು ಕೆಲಸದ ದಿನ ಅಂತ ಇಟ್ಟುಕೊಳ್ಳಿ. ನಡುವೆ ಭಾನುವಾರವೋ ಬ್ಯಾಂಕ್ ರಜೆಯೋ ಬಂದರೆ ಇನ್ನೂ ಮುಂದಕ್ಕೆ. ಬಂದಾಗಲೂ ಒಂದೊಂದು ಆರ್ಡರ್ ಬಿಡಿಬಿಡಿಯಾಗಿ ಬರುವುದಿಲ್ಲ, ಗಂಟು ಕಟ್ಟಿ ಬರುತ್ತದೆ. ಆ ದಿನ ₹1,200, ₹650, ₹400ರ ಮೂರು ಆರ್ಡರ್ ಆಗಿದ್ದರೆ ಒಟ್ಟು ₹2,250. ಶುಲ್ಕ ₹45, ಜಿಎಸ್‌ಟಿ ₹8.10 ಕಳೆದು ₹2,196.90 ಅನ್ನುವ ಒಂದೇ ಸಾಲು ಪಾಸ್‌ಬುಕ್‌ನಲ್ಲಿ ಇರುತ್ತದೆ. ಒಡೆದು ನೋಡಲು ಗೇಟ್‌ವೇ ಆ್ಯಪ್‌ನ Settlements ಜಾಗಕ್ಕೆ ಹೋಗಬೇಕು. ವಾರಕ್ಕೊಮ್ಮೆ ಕೂತು ಹೊಂದಿಸಿದರೆ ಸಾಕು.

ಈ ಎರಡು ದಿನದ ಅಂತರ ಬಂಡವಾಳಕ್ಕೆ ತಾಗುತ್ತದೆ. ಗುರುವಾರ ರಾತ್ರಿ ಬಂದ ಹಣದಲ್ಲಿ ಶುಕ್ರವಾರ ಬೆಳಿಗ್ಗೆ ದೇವರಾಜ ಮಾರ್ಕೆಟ್‌ಗೆ ಹೋಗಿ ಸಾಮಾನು ತರಲು ಆಗುವುದಿಲ್ಲ. ಹಬ್ಬದ ಮೊದಲ ಸುತ್ತಿನ ಸಾಮಾನಿಗೆ ಕೈಯಲ್ಲಿ ಹಣ ಇಟ್ಟುಕೊಂಡೇ ಶುರು ಮಾಡಬೇಕು.

ಕಮಿಷನ್ ಬೇಡ. ಯುಪಿಐ ಲಿಂಕನ್ನು ನಾನೇ ಬರೆದು ಕಳಿಸಬಹುದಾ?

ಬರೆಯಬಹುದು. ಯುಪಿಐಗೆ ಅದರದೇ ವಿಳಾಸದ ರೀತಿ ಇದೆ:

```
upi://pay?pa=nimmahesaru@bank&pn=Mane%20Tindi&am=1200.00&cu=INR&tn=Order%20118
```

`pa` ನಿಮ್ಮ ಯುಪಿಐ ಐಡಿ, `pn` ಹೆಸರು, `am` ಮೊತ್ತ, `cu` ರೂಪಾಯಿ ಅನ್ನುವ ಗುರುತು, `tn` ಟಿಪ್ಪಣಿ.

ಆದರೆ ಇದನ್ನು ವಾಟ್ಸಾಪ್‌ನಲ್ಲಿ ಹಾಕಿದರೆ ನೀಲಿ ಬಣ್ಣಕ್ಕೆ ತಿರುಗುವುದಿಲ್ಲ, ಒತ್ತಲೂ ಆಗುವುದಿಲ್ಲ. ವಾಟ್ಸಾಪ್ ಲಿಂಕ್ ಅಂತ ಗುರುತಿಸುವುದು `https` ಥರದ ವೆಬ್ ವಿಳಾಸವನ್ನು. ಹಾಗಾಗಿ ಇದನ್ನು ಕ್ಯೂಆರ್ ಮಾಡಿ ಚಿತ್ರವಾಗಿ ಕಳಿಸುತ್ತಾರೆ. ಆಗ ಗ್ರಾಹಕರು ಅದನ್ನು ಗ್ಯಾಲರಿಯಿಂದ ಆರಿಸಿ ಸ್ಕ್ಯಾನ್ ಮಾಡಬೇಕು. ಗ್ಯಾಲರಿಯ ಕ್ಯೂಆರ್‌ಗೆ ಹಲವು ಆ್ಯಪ್‌ಗಳು ₹2,000ಕ್ಕಿಂತ ಹೆಚ್ಚು ಬಿಡುವುದಿಲ್ಲ. ಇನ್ನೂ ಒಂದು ಮಾತು: ಇದರಲ್ಲಿ Paid ಅಂತ ಹೇಳುವವರು ಯಾರೂ ಇಲ್ಲ. ಬ್ಯಾಂಕ್ ಮೆಸೇಜ್ ನೋಡಿ ನೀವೇ ಹೊಂದಿಸಬೇಕು.

ಸಣ್ಣ ಮೊತ್ತ, ಗೊತ್ತಿರುವ ಗ್ರಾಹಕರು ಅಂದರೆ ಇದು ಒಳ್ಳೆಯ ದಾರಿಯೇ. ₹200ರ ಚಟ್ನಿಪುಡಿಗೆ ಗೇಟ್‌ವೇ ಲಿಂಕ್ ಮಾಡುವುದು ಸುಮ್ನೆ ಶ್ರಮ.

ನಮ್ಮ ಗ್ರೂಪ್‌ನಲ್ಲಿ 150 ಜನ ಇದ್ದಾರೆ. ಒಂದೇ ಲಿಂಕ್ ಹಾಕಿದರೆ ಆಗಲ್ವಾ?

ಆಗುವುದಿಲ್ಲ. ಆರ್ಡರ್ ಲಿಂಕ್‌ನಲ್ಲಿ ಒಬ್ಬರು ಪೂರ್ತಿ ಕಟ್ಟಿದ ಕೂಡಲೇ ಅದು ಮುಗಿಯಿತು. ಎರಡನೆಯವರಿಗೆ "ಈಗಾಗಲೇ ಪಾವತಿಯಾಗಿದೆ" ಅಂತ ಬರುತ್ತದೆ. ಹೆಸರು ಹಾಕಿ ಮಾಡಿದ ಲಿಂಕನ್ನು ಗ್ರೂಪಿಗೆ ಹಾಕಿದರೆ ಅವರು ಏನು ತಗೊಂಡರು, ಎಷ್ಟು ಕೊಟ್ಟರು ಅಂತ ಇಡೀ ಬೀದಿಗೆ ಗೊತ್ತಾಗುತ್ತದೆ.

ಎಲ್ಲರಿಗೂ ಒಂದೇ ಬೆಲೆಯ ಒಂದೇ ಡಬ್ಬ ಮಾರುವುದಾದರೆ, ಉದಾಹರಣೆಗೆ ₹750ರ ದೀಪಾವಳಿ ಡಬ್ಬ, ಆಗ Payment Page ಅನ್ನುವ ಬೇರೆ ಸೌಲಭ್ಯ ಇದೆ. ಎಷ್ಟು ಜನ ಬೇಕಾದರೂ ಅದರಲ್ಲಿ ಕಟ್ಟಬಹುದು, ಹೆಸರು ವಿಳಾಸವನ್ನು ಅವರೇ ತುಂಬುತ್ತಾರೆ. ಎಷ್ಟು ಡಬ್ಬ ಅಂತ ಮಿತಿ ಹಾಕುವ ಜಾಗ ಇದ್ದರೆ ಮರೆಯದೆ ಹಾಕಿ.

ಅಡ್ವಾನ್ಸ್ ತಗೊಂಡು ಉಳಿದದ್ದು ಆಮೇಲೆ ತಗೊಳ್ಳಬಹುದಾ? ಮೊತ್ತ ತಪ್ಪಾದರೆ?

ಭಾಗಶಃ ಪಾವತಿ ಅನ್ನುವ ಆಯ್ಕೆ ಕೆಲವು ಕಡೆ ಇದೆ. ಒಂದೇ ಲಿಂಕ್‌ನಲ್ಲಿ ಕಂತಾಗಿ ಕಟ್ಟಬಹುದು. ನನಗೆ ಮಾತ್ರ ಎರಡು ಲಿಂಕ್ ಮಾಡುವುದೇ ಇಷ್ಟ: 118-ಎ ಅಡ್ವಾನ್ಸ್, 118-ಬಿ ಬಾಕಿ. ಸೀಮಂತಕ್ಕೆ ಹತ್ತು ಕೆಜಿ ಚಕ್ಕುಲಿ ಅಂತ ದೊಡ್ಡ ಆರ್ಡರ್ ಬಂದಾಗ, ಎಣ್ಣೆ ಇಡುವ ದಿನಕ್ಕೊಂದು ಗಡುವು, ಪಾರ್ಸೆಲ್ ದಿನಕ್ಕೊಂದು ಗಡುವು ಕೊಡಬಹುದು.

ಕಳಿಸಿದ ಲಿಂಕಿನ ಮೊತ್ತ ತಿದ್ದಲು ಸಾಮಾನ್ಯವಾಗಿ ಆಗುವುದಿಲ್ಲ. ಹಳೆಯದನ್ನು Cancel ಮಾಡಿ, ಹೊಸದು ಕಳಿಸಿ. ವಾಟ್ಸಾಪ್‌ನಲ್ಲಿ ಮೆಸೇಜ್ ಡಿಲೀಟ್ ಮಾಡಿದರೆ ಲಿಂಕ್ ಸಾಯುವುದಿಲ್ಲ. ಆ್ಯಪ್‌ನಲ್ಲೇ ರದ್ದು ಮಾಡಬೇಕು.

ಹಣ ವಾಪಸ್ ಕೊಡಬೇಕಾಗಿ ಬಂದರೆ?

ಬಂದ ದಾರಿಯಲ್ಲೇ ಕಳಿಸಿ. ಗೇಟ್‌ವೇ ಆ್ಯಪ್‌ನಲ್ಲಿ ಆ ಪೇಮೆಂಟ್ ತೆರೆದು Refund ಒತ್ತಿ. ಪುಡಿ ಮಾತ್ರ ಹಾಳಾಗಿದ್ದರೆ ₹340 ಅಷ್ಟೇ ವಾಪಸ್ ಮಾಡಬಹುದು. ಅವರಿಗೆ ತಲುಪಲು ಐದರಿಂದ ಏಳು ಕೆಲಸದ ದಿನ ಅಂತ ಹೇಳಿಬಿಡಿ. ನೀವು ಕೊಟ್ಟ ಕಮಿಷನ್ ಸಾಮಾನ್ಯವಾಗಿ ವಾಪಸ್ ಸಿಗುವುದಿಲ್ಲ.

"ಬೇರೆ ನಂಬರಿಗೆ ಗೂಗಲ್ ಪೇ ಮಾಡಿ" ಅಂದರೆ ಒಪ್ಪಬೇಡಿ. ಲೆಕ್ಕದಲ್ಲಿ ಆ ಹಣ ಇನ್ನೂ ನಿಮ್ಮಲ್ಲೇ ಇದೆ ಅಂತ ಕಾಣುತ್ತದೆ. ಕಾರ್ಡಿನಲ್ಲಿ ಕಟ್ಟಿದವರು ಬ್ಯಾಂಕಿಗೂ ದೂರು ಕೊಟ್ಟರೆ ಎರಡು ಸಲ ಹೋಗುತ್ತದೆ.

ಲಿಂಕ್‌ನಲ್ಲಿ ತಗೊಂಡರೆ ತೆರಿಗೆಯವರು ನೋಟಿಸ್ ಕಳಿಸ್ತಾರಾ?

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ಮೇಲೆ ಈ ಭಯ ಜಾಸ್ತಿ ಆಯಿತು. "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅನ್ನುವ ಬೋರ್ಡ್‌ಗಳೂ ಬಂದವು. ವಿಷಯ ಇಷ್ಟು: ವಸ್ತು ಮಾರುವವರಿಗೆ ವರ್ಷದ ವಹಿವಾಟು ₹40 ಲಕ್ಷ, ಸೇವೆ ಕೊಡುವವರಿಗೆ ₹20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನಗದಾಗಿ ಬಂದರೂ ಲಿಂಕ್‌ನಲ್ಲಿ ಬಂದರೂ ಎಲ್ಲ ಸೇರಿಸಿಯೇ ಈ ಲೆಕ್ಕ. ಲಿಂಕ್ ಬಿಟ್ಟರೆ ಮಿತಿ ಬದಲಾಗುವುದಿಲ್ಲ.

ಮನೆ ವ್ಯಾಪಾರದವರು ಗಮನಿಸದ ಇನ್ನೊಂದು ಅಂಶ ಇದೆ. ತೆರಿಗೆ ಬೀಳುವ ವಸ್ತುವನ್ನು ರಾಜ್ಯದ ಹೊರಗೆ ಮಾರಿದರೆ ₹40 ಲಕ್ಷದ ವಿನಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ. ಬೆಂಗಳೂರಿಗೆ ಕಳಿಸಿದರೆ ಚಿಂತೆಯಿಲ್ಲ. ಚೆನ್ನೈಗೋ ಹೈದರಾಬಾದಿಗೋ ಆರ್ಡರ್ ಬರಲು ಶುರುವಾದರೆ ತೆರಿಗೆ ಸಲಹೆಗಾರರನ್ನು ಕೇಳಿಯೇ ಮುಂದುವರಿಯಿರಿ.

ಲಿಂಕ್‌ನ ಹಣ ಬೀಳುವ ಬ್ಯಾಂಕ್ ಖಾತೆಗೆ ಬರುವುದು ವ್ಯಾಪಾರದ ಹಣ ಮಾತ್ರ ಆಗಿರಲಿ. ಚೀಟಿ ದುಡ್ಡು, ತಂಗಿ ಕಳಿಸಿದ ದುಡ್ಡು ಎಲ್ಲ ಸೇರಿದರೆ ಆಮೇಲೆ ಬೇರ್ಪಡಿಸಿ ತೋರಿಸುವುದು ಕಷ್ಟ.

ದೊಡ್ಡ ಆರ್ಡರ್ ಕೊಟ್ಟವರು "ನಾನೇ ಲಿಂಕ್ ಕಳಿಸ್ತೀನಿ, ಒತ್ತಿದರೆ ಹಣ ಬರುತ್ತೆ" ಅಂತಾರೆ.

ಅಲ್ಲಿಗೇ ನಿಲ್ಲಿಸಿ. ಹಣ ಪಡೆಯಲು ಯಾವ ಲಿಂಕೂ ಒತ್ತಬೇಕಿಲ್ಲ, ಯಾವ ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಹಾಕಬೇಕಿಲ್ಲ. ಯುಪಿಐ ಪಿನ್ ಹಾಕಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಇಂಥ ಮೋಸಗಾರರ ಆರ್ಡರ್‌ಗೆ ಒಂದು ರೀತಿ ಇರುತ್ತದೆ: ಬೆಲೆ ಚೌಕಾಸಿ ಮಾಡುವುದಿಲ್ಲ, ತಿಂಡಿ ಬಗ್ಗೆ ಏನೂ ಕೇಳುವುದಿಲ್ಲ, ಐವತ್ತು ಡಬ್ಬ ಬೇಕು ಅನ್ನುತ್ತಾರೆ, ಮಾತೆಲ್ಲ ಹಣದ ಬಗ್ಗೆಯೇ. ಸೈನ್ಯದಲ್ಲಿದ್ದೇನೆ ಅನ್ನುವುದು ಹಳೆಯ ವರಸೆ. ನೀವು ನಿಮ್ಮ ಲಿಂಕ್ ಕಳಿಸಿ, "ಇದರಲ್ಲೇ ಕಟ್ಟಿ" ಅನ್ನಿ. ಅಲ್ಲಿಗೆ ಮೆಸೇಜ್ ನಿಲ್ಲುತ್ತದೆ.

ಹಣ ಹೋಗಿಯೇ ಬಿಟ್ಟರೆ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. `cybercrime.gov.in` ನಲ್ಲೂ ದೂರು ಕೊಡಬಹುದು. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗೆ ಹೋಗುವ ಮುಂಚೆ ತಡೆಯುವ ಸಾಧ್ಯತೆ ಹೆಚ್ಚು.

ಲಿಂಕ್ ಕಳಿಸಿ ಒಂದು ದಿನ ಆಯಿತು, ಕಟ್ಟಿಲ್ಲ. ಕೇಳಲು ಸಂಕೋಚ.

ಒಂದು ಸಲ ನೆನಪಿಸಿ. ಗಡುವಿಗೆ ಮೂರು ನಾಲ್ಕು ಗಂಟೆ ಇರುವಾಗ, ಅದೇ ಮೆಸೇಜಿಗೆ ರಿಪ್ಲೈ ಆಗಿ: "ಮೇಡಂ, ಲಿಂಕ್ ಇವತ್ತು ರಾತ್ರಿ 8ಕ್ಕೆ ಮುಗಿಯುತ್ತದೆ. ನಾಳೆ ಬೆಳಿಗ್ಗೆ ಎಣ್ಣೆ ಇಡುತ್ತಿದ್ದೇನೆ." ಹಣ ಕೊಡಿ ಅನ್ನುವ ಮಾತೇ ಅದರಲ್ಲಿಲ್ಲ ನೋಡಿ. ಆಮೇಲೂ ಕಟ್ಟದಿದ್ದರೆ ಬಿಟ್ಟುಬಿಡಿ. ಲಿಂಕ್ ತಾನಾಗಿ ಮುಗಿಯುತ್ತದೆ, ಪುಸ್ತಕದಲ್ಲಿ 118ಕ್ಕೆ ಒಂದು ಗೆರೆ ಎಳೆಯಿರಿ. ಆ ನಂಬರನ್ನು ಬೇರೆಯವರಿಗೆ ಕೊಡಬೇಡಿ, ಮುಂದಿನ ಆರ್ಡರ್ 119.